ಮದುವೆಯ 40ನೇ ವಾರ್ಷಿಕೋತ್ಸವದಂದು ಅಪ್ಪ-ಅಮ್ಮನಿಗೆ

ಪೂಜ್ಯ ಅಪ್ಪ, ಅಮ್ಮ,

ನಿಮ್ಮ ಮದುವೆಯ 40ನೇ ವಾರ್ಷಿಕೋತ್ಸವದ ಸಂದರ್ಭದಲ್ಲಿ ಇಬ್ಬರಿಗೂ ನನ್ನ ನಮಸ್ಕಾರಗಳು ಮತ್ತು ಹಾರ್ದಿಕ ಶುಭಾಶಯಗಳು. ಇದನ್ನೆಲ್ಲ ಎದುರಿಗೆ ಹೇಳಹೊರಟರೆ ಅಪ್ಪ "ಆಯ್ತು, ಆಯ್ತು" ಎಂದು ಮಾತು ಬದಲಿಸುತ್ತಾರೆ, ಅಮ್ಮ ಏನೋ ಕೆಲಸ ನೆನಪಾದವರಂತೆ ಒಳಗೆ ಎದ್ದುಹೋಗುತ್ತಾರೆ. ಆದ್ದರಿಂದ ಈ ಬಾರಿ ಬರೆದೇ ಕಳುಹಿಸುತ್ತಿದ್ದೇನೆ.

ಆದರ್ಶ ದಂಪತಿ ಎಂದು ಹೊಗಳಿದರೆ ಮೊದಲು ನಗುವವರು ನೀವೇ. ಫ್ಯಾನಿನ ವೇಗದಿಂದ ಹಿಡಿದು ಪ್ರಯಾಣಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕೆಂಬುದರವರೆಗೆ ನಿಮ್ಮಿಬ್ಬರಲ್ಲಿ ಒಮ್ಮತ ಮೂಡಿದ್ದನ್ನು ನಾನಂತೂ ಕಂಡಿಲ್ಲ. ರೈಲು ಬರುವ ಎಷ್ಟೋ ಮೊದಲೇ ನಿಲ್ದಾಣದಲ್ಲಿರಬೇಕೆನ್ನುವ ಅಪ್ಪ ಮತ್ತು ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಗಿಡಗಳಿಗೆ ನೀರೆರೆಯಲು ಹೊರಡುವ ಅಮ್ಮ ಇಷ್ಟು ವರ್ಷ ಒಂದೇ ರೈಲಿನಲ್ಲಿ ಓಡಾಡಿದ್ದೇ ಸೋಜಿಗ.

ನಿಮ್ಮ ದಾಂಪತ್ಯ ನನಗೆ ಸ್ವಲ್ಪಮಟ್ಟಿಗಾದರೂ ಅರ್ಥವಾದದ್ದು ಮನೆಯ ಲೆಕ್ಕದ ಪುಸ್ತಕದಿಂದ. ಬಾಡಿಗೆ, ಹಾಲು, ವಿದ್ಯುತ್ ಬಿಲ್ಲು ಎಲ್ಲವೂ ಅಪ್ಪನ ಒತ್ತೊತ್ತಾದ ಅಕ್ಷರದಲ್ಲಿ ಚಿಲ್ಲರೆ ಸಹಿತ ದಾಖಲಾಗಿರುತ್ತಿದ್ದವು. ತಿಂಗಳ ಕೊನೆಗೆ ಅಮ್ಮನ ಕೈಬರಹದಲ್ಲಿ 'ಇತರೆ' ಎಂಬ ಒಂದೇ ಸಾಲು, ಅದರ ಮುಂದೆ ಒಂದು ದುಂಡು ಮೊತ್ತ. ನಮ್ಮಿಂದ ಬಸ್ಸಿನ ಚಿಲ್ಲರೆಗೂ ಲೆಕ್ಕ ಕೇಳುತ್ತಿದ್ದ ಅಪ್ಪ ಆ ಸಾಲಿನ ಬಗ್ಗೆ ಚಕಾರವೆತ್ತಿದ್ದನ್ನು ನಾನು ಕೇಳಿಲ್ಲ. ನನ್ನ ಚಿತ್ರಕಲೆಯ ತರಗತಿಯ ಶುಲ್ಕ, ತಮ್ಮನ ಬ್ಯಾಟು, ಕೊನೆಗೆ ಅಪ್ಪ ಬೇಡವೆಂದಿದ್ದ ಅವರದೇ ಕನ್ನಡಕದ ಹೊಸ ಫ್ರೇಮು, ಇವೆಲ್ಲ ಆ 'ಇತರೆ'ಯಿಂದಲೇ ಬಂದವೆಂದು ನನಗೆ ತಿಳಿಯುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ. ಅಪ್ಪನಿಗೆ ಅದು ಮೊದಲಿನಿಂದಲೂ ಗೊತ್ತಿತ್ತೆಂಬುದು ಇನ್ನೂ ತಡವಾಗಿ ತಿಳಿಯಿತು. (ಬ್ಯಾಟು ಅತ್ಯಗತ್ಯ ವೆಚ್ಚವೇ ಆಗಿತ್ತೆಂದು ತಮ್ಮ ಈಗಲೂ ವಾದಿಸುತ್ತಾನೆ.) ಒಬ್ಬರು ಕೇಳದೆ ಬಿಟ್ಟದ್ದನ್ನು ಇನ್ನೊಬ್ಬರು ಸಲುಗೆಯಾಗಿ ಬಳಸಿಕೊಳ್ಳದ ಆ ನಂಬಿಕೆಯನ್ನು ನನ್ನ ಸಂಸಾರದಲ್ಲಿಯೂ ರೂಢಿಸಿಕೊಳ್ಳಲು ಯತ್ನಿಸುತ್ತಿದ್ದೇನೆ, ಅದು ನೋಡಿದಷ್ಟು ಸುಲಭವಲ್ಲ.

ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಮಾತ್ರೆಗಳ ವೇಳಾಪಟ್ಟಿ ಬರೆದು ತೂಗುಹಾಕಿದ್ದನ್ನೂ, "ನಾನೇನು ಕಚೇರಿಯ ಕಡತವೇ?" ಎಂದು ಗೊಣಗುತ್ತಲೇ ಅಮ್ಮ ಅದರಂತೆಯೇ ನಡೆದುಕೊಂಡದ್ದನ್ನೂ ನಾನು ಮರೆತಿಲ್ಲ. ನಮ್ಮನ್ನು ಓದಿಸಿ, ನೆಲೆಗೆ ಹಚ್ಚುವ ವರ್ಷಗಳಲ್ಲಿ ನೀವು ಕೈಬಿಟ್ಟ ಆಸೆಗಳು ಎಷ್ಟೆಂದು ನೀವು ಹೇಳಿಲ್ಲ, ನಾವೂ ಕೇಳಲಿಲ್ಲ. ಅದಕ್ಕಾಗಿ ನಾನು ನಿಮಗೆ ಋಣಿ.

ಮುಂದಿನ ದಿನಗಳಲ್ಲಿ ನಿಮಗೆ ಆರೋಗ್ಯವೂ ನೆಮ್ಮದಿಯೂ ಇರಲಿ, ನಮಗಾಗಿ ಮುಂದೂಡಿದ ಪ್ರವಾಸಗಳು ಇನ್ನಾದರೂ ನಡೆಯಲಿ. ಭಾನುವಾರ ಬೆಳಿಗ್ಗೆ ನಾವೆಲ್ಲರೂ ಮಕ್ಕಳೊಂದಿಗೆ ಬರುತ್ತಿದ್ದೇವೆ. ಊಟವನ್ನು ನಾವೇ ತರುತ್ತೇವೆ; ಅಮ್ಮ ಅಂದು ಒಲೆ ಹಚ್ಚದಂತೆ ನೋಡಿಕೊಳ್ಳುವ ಹೊಣೆ ಅಪ್ಪನದು.

ಇಂತಿ ನಿಮ್ಮ ಪ್ರೀತಿಯ,
ಮಗಳು