ದೊಡ್ಡಮ್ಮನ ಕೊಲ್ಲೂರು ಪ್ರಯಾಣ: ಜನವರಿ 22, ಗುರುವಾರ

ದೊಡ್ಡಮ್ಮಾ, ಟಿಕೆಟಿನ ಇಂಗ್ಲಿಷನ್ನೆಲ್ಲ ಕನ್ನಡಕ್ಕೆ ತಂದು ಇಲ್ಲಿ ಬರೆದಿದ್ದೇನೆ. ಈ ಹಾಳೆಯನ್ನು ಟಿಕೆಟಿನ ಜೊತೆ ಕನ್ನಡಕದ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಗಾಡಿ ಬದಲಿಸದೆ ನೇರ ಹೋಗಬಹುದಿತ್ತು. ಆದರೆ ಅದು ಬೈಂದೂರು ಮುಟ್ಟುವಾಗ ರಾತ್ರಿಯಾಗುತ್ತದೆ. ಕತ್ತಲಲ್ಲಿ ನಿಮ್ಮೊಬ್ಬರನ್ನೇ ಇಳಿಸಲು ನನಗೆ ಮನಸ್ಸಿಲ್ಲ.

ಬೆಳಿಗ್ಗೆ 7.30: ಬದಿಯಡ್ಕದಿಂದ ಕಾಸರಗೋಡಿಗೆ ಬಸ್. ಇಳಿದು ರೈಲು ನಿಲ್ದಾಣಕ್ಕೆ ಆಟೋ ಹಿಡಿಯಿರಿ, ನಡೆಯಬೇಡಿ.

9.20: ಕಣ್ಣೂರಿನಿಂದ ಬರುವ ಮಂಗಳೂರು ಪ್ಯಾಸೆಂಜರ್. ಇದಕ್ಕೆ ಸೀಟು ಕಾದಿರಿಸಿಲ್ಲ, ಕೌಂಟರಿನಲ್ಲಿ ‘ಮಂಗಳೂರು ಸೆಂಟ್ರಲ್’ ಎಂದೇ ಕೇಳಿ. ಮಂಗಳೂರು ಜಂಕ್ಷನ್ ಬೇರೆ ನಿಲ್ದಾಣ. ಮುಂದಿನ ಗಾಡಿ ಹೊರಡುವುದು ಸೆಂಟ್ರಲಿನಿಂದ. ಯಾವ ಪ್ಲಾಟ್‌ಫಾರ್ಮ್ ಎಂಬುದನ್ನೂ ಕೌಂಟರಿನಲ್ಲೇ ವಿಚಾರಿಸಿಕೊಳ್ಳಿ. ನೇತ್ರಾವತಿ ಸೇತುವೆ ದಾಟಿದ ಮೇಲೆ ಚೀಲ ಕೈಗೆತ್ತಿಕೊಂಡರೆ ಸಾಕು. ಸೆಂಟ್ರಲ್ ಈ ಗಾಡಿಯ ಕೊನೆಯ ನಿಲ್ದಾಣ, ಜನರೆಲ್ಲ ಇಳಿದ ಮೇಲೆ ನಿಧಾನವಾಗಿ ಇಳಿಯಿರಿ.

11ರಿಂದ 2.20: ಮಂಗಳೂರಿನಲ್ಲಿ ವಿರಾಮ. ಮೂರು ಗಂಟೆ ಜಾಸ್ತಿಯಾಯಿತು ಎಂದು ದೊಡ್ಡಪ್ಪ ಹೇಳಿಯೇ ಹೇಳುತ್ತಾರೆ. ಪ್ಯಾಸೆಂಜರ್ ಒಂದು ಗಂಟೆ ತಡವಾದರೂ ನೀವು ಓಡುವ ಹಾಗೆ ಆಗಬಾರದು, ಮಂಡಿಗೆ ವಿಶ್ರಾಂತಿಯೂ ಸಿಗಬೇಕು, ಅದಕ್ಕೇ ಇಷ್ಟು ಹೊತ್ತು ಇಟ್ಟಿದ್ದೇನೆ. ಮೊದಲು ನಿರೀಕ್ಷಣಾ ಕೊಠಡಿಗೆ ಹೋಗಿ ಶೌಚ ಮುಗಿಸಿ, ಕಾಲು ಚಾಚಿ ಕುಳಿತುಕೊಳ್ಳಿ. 12.30ಕ್ಕೆ ಬುತ್ತಿಯ ಮೊಸರನ್ನ, ಊಟವಾದ ಕೂಡಲೇ ಸಕ್ಕರೆ ಕಾಯಿಲೆಯ ಮಾತ್ರೆ. ಮಾತ್ರೆಯ ಚೀಟಿಯನ್ನು ದೊಡ್ಡ ಚೀಲಕ್ಕೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. 1.30ಕ್ಕೆ ಎದ್ದು ಪ್ಲಾಟ್‌ಫಾರ್ಮಿಗೆ ಹೊರಡಿ. ಮೆಟ್ಟಿಲು ಹತ್ತಬೇಕಾಗಿ ಬಂದರೆ ಪೋರ್ಟರನ್ನು ಕರೆಯಿರಿ, ಹಣದ ಮುಖ ನೋಡಬೇಡಿ.

ಮಧ್ಯಾಹ್ನ 2.20: ಮತ್ಸ್ಯಗಂಧ ಎಕ್ಸ್‌ಪ್ರೆಸ್, ಸಂಖ್ಯೆ 12620. ಟಿಕೆಟಿನಲ್ಲಿ 14:20 ಎಂದಿರುವುದು ಇದೇ ಹೊತ್ತು. MAQ ಎಂದರೆ ಮಂಗಳೂರು ಸೆಂಟ್ರಲ್, BYNR ಎಂದರೆ ಮೂಕಾಂಬಿಕಾ ರೋಡ್ ಬೈಂದೂರು. ನಿಮ್ಮದು S4 ಡಬ್ಬಿ, 17ನೇ ಸೀಟು, ಕೆಳಗಿನ ಬರ್ತ್. ಯಾರಾದರೂ ಮೇಲಿನದಕ್ಕೆ ಬದಲಿಸಿಕೊಳ್ಳಿ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಒಪ್ಪಬೇಡಿ. ಆಧಾರ್ ಕಾರ್ಡು ಕೈಗೆ ಸಿಗುವಂತಿರಲಿ.

ಉಡುಪಿ ಬಂದಾಗ ನನಗೊಂದು ಫೋನ್ ಮಾಡಿ. ಕುಂದಾಪುರ ಬಿಟ್ಟ ಕೂಡಲೇ ಎದುರಿಗಿದ್ದವರಿಗೆ ‘ಬೈಂದೂರಿನಲ್ಲಿ ಇಳಿಯುವವಳು’ ಎಂದು ಹೇಳಿ ಬಾಗಿಲ ಹತ್ತಿರದ ಸೀಟಿಗೆ ಬನ್ನಿ. ಅಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

4.40ರ ಸುಮಾರಿಗೆ ಬೈಂದೂರು. ಒಂದು ಚಹಾ ಕುಡಿದು ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ. 5.30ರ ಕೊಲ್ಲೂರು ಬಸ್ಸಿಗೆ ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ರೈಲು ತಡವಾಗಿ 6 ಗಂಟೆ ಮೀರಿದರೆ ಬಸ್ ಕಾಯುವುದು ಬೇಡ, ನಿಲ್ದಾಣದ ಎದುರಿನಿಂದಲೇ ಟ್ಯಾಕ್ಸಿ ಮಾಡಿಕೊಳ್ಳಿ. ಅದಕ್ಕೆಂದು ಬೇರೆ ಹಣ ಇಟ್ಟಿದ್ದೇನೆ. ಶಾರದಕ್ಕ ಕೊಲ್ಲೂರು ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತಾಳೆ. ಟ್ಯಾಕ್ಸಿಯಲ್ಲಿ ಬಂದರೂ ಅಲ್ಲೇ ಇಳಿಯಿರಿ.