ವಿಮರ್ಶಾ ವರದಿ: "ನೈಸರ್ಗಿಕ ಕಾಡು, ನೆರಳಿನ ಕಾಫಿ ತೋಟ ಮತ್ತು ನೀಲಗಿರಿ ನೆಡುತೋಪುಗಳಲ್ಲಿ ಹಕ್ಕಿ ವೈವಿಧ್ಯ"

ವಿಮರ್ಶಕರು: 2
ಶಿಫಾರಸು: ದೊಡ್ಡ ತಿದ್ದುಪಡಿಯ ನಂತರ ಮರುಪರಿಶೀಲನೆ

ಮಾನ್ಯ ಸಂಪಾದಕರಿಗೆ ಮತ್ತು ಲೇಖಕರಿಗೆ,

ಹಸ್ತಪ್ರತಿಯನ್ನೂ ಪೂರಕ ಕೋಷ್ಟಕಗಳನ್ನೂ ಪೂರ್ತಿ ಓದಿದ್ದೇನೆ. ಲೇಖಕರು ಮೂರು ಬಗೆಯ ನೆಲದಲ್ಲಿ 60 ಬಿಂದುಗಳನ್ನು ಗುರುತಿಸಿ, ಪ್ರತಿ ಬಿಂದುವಿನಲ್ಲೂ ಆರು ಸಲ ಹಕ್ಕಿಗಳನ್ನು ಎಣಿಸಿದ್ದಾರೆ. ಕಾಫಿ ತೋಟದಲ್ಲಿ 98, ಕಾಡಿನಲ್ಲಿ 84, ನೀಲಗಿರಿ ನೆಡುತೋಪಿನಲ್ಲಿ 41 ಪ್ರಭೇದಗಳು ಸಿಕ್ಕಿವೆ. ಇದರಿಂದ ಅವರು ಹೊರಡಿಸುವ ಮುಖ್ಯ ತೀರ್ಮಾನ: ನೆರಳಿನ ಕಾಫಿ ತೋಟ ಕಾಡಿಗಿಂತ ಹೆಚ್ಚು ಹಕ್ಕಿಗಳಿಗೆ ನೆಲೆ ಕೊಡುತ್ತದೆ, ಹಾಗಾಗಿ ಅದು ಕಾಡಿಗೆ ಪರ್ಯಾಯವಾಗಬಲ್ಲದು.

ಈ ಕೆಲಸ ಪ್ರಕಟವಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕಚ್ಚಾ ದತ್ತಾಂಶವನ್ನು ಒಂದೂ ಬಿಡದೆ ಹಂಚಿಕೊಂಡಿದ್ದೀರಿ. ಕೆಳಗಿನ ಹೆಚ್ಚಿನ ಮಾತುಗಳನ್ನು ಖಚಿತವಾಗಿ ಹೇಳಲು ಆದದ್ದೇ ಅದರಿಂದ. ಮರದ ಎತ್ತರ, ಎಲೆಚಾವಣಿಯ ದಟ್ಟಣೆ, ಒಣಗಿ ನಿಂತ ಮರಗಳ ಸಂಖ್ಯೆ, ಆಲ-ಅತ್ತಿ ಕುಲದ ಮರಗಳ ಸಂಖ್ಯೆ, ಎಲ್ಲವನ್ನೂ ಪ್ರತಿ ಬಿಂದುವಿನಲ್ಲೂ ಅಳೆದಿದ್ದೀರಿ. ಇಷ್ಟು ಶ್ರದ್ಧೆಯ ಅಳತೆ ಎಲ್ಲ ಹಸ್ತಪ್ರತಿಗಳಲ್ಲೂ ಇರುವುದಿಲ್ಲ. ಆದರೆ ಈಗಿರುವ ಮುಖ್ಯ ತೀರ್ಮಾನವನ್ನು ನಿಮ್ಮದೇ ದತ್ತಾಂಶ ಹೊರುವುದಿಲ್ಲ. ನನ್ನ ವರದಿಯ ಬಹುಪಾಲು ಇದರ ಬಗ್ಗೆಯೇ.

ಮೊದಲಿಗೆ ಎಣಿಕೆಯ ಶ್ರಮ. ಕಾಫಿ ತೋಟದಲ್ಲಿ 30 ಬಿಂದು, ಕಾಡಿನಲ್ಲಿ 16, ನೆಡುತೋಪಿನಲ್ಲಿ 14. ಅಂದರೆ ಕಾಫಿಯಲ್ಲಿ 180 ಎಣಿಕೆ, ಕಾಡಿನಲ್ಲಿ ಬರೀ 96. ಜಾಸ್ತಿ ಹುಡುಕಿದಲ್ಲಿ ಜಾಸ್ತಿ ಪ್ರಭೇದ ಸಿಗುವುದು ಸಹಜ ಅಲ್ವಾ? ಹಾಗಾಗಿ 98 ಮತ್ತು 84ನ್ನು ನೇರವಾಗಿ ಹೋಲಿಸುವಂತಿಲ್ಲ.

ನಿಮ್ಮ ಪೂರಕ ಕೋಷ್ಟಕ 2ನ್ನು ನೋಡಿ. ಕಾಡಿನಲ್ಲಿ ಒಂದೇ ಒಂದು ಹಕ್ಕಿ ಕಂಡ ಪ್ರಭೇದಗಳು 18, ಎರಡೇ ಹಕ್ಕಿ ಕಂಡವು 6. ಕಾಫಿಯಲ್ಲಿ ಇವೇ ಸಂಖ್ಯೆಗಳು 10 ಮತ್ತು 10. ಒಂದೇ ಸಲ ಕಂಡವು ಇಷ್ಟು ಇದ್ದರೆ, ಕಾಣದೇ ಉಳಿದವು ಇನ್ನೂ ಬಹಳ ಇವೆ ಎಂದು ಅರ್ಥ. ಚಾವೋ-1 ಅಂದಾಜು ಈ ತರ್ಕದ ಮೇಲೆಯೇ ನಿಂತಿದೆ:

```
ಕಾಡು:  84 + 18² / (2 × 6)  = 111
ಕಾಫಿ:  98 + 10² / (2 × 10) = 103
```

ಕ್ರಮವೇ ತಿರುಗಿಬಿತ್ತು. ಹಾಗೆಂದು ಕಾಡಿನಲ್ಲೇ ಜಾಸ್ತಿ ಪ್ರಭೇದಗಳಿವೆ ಎಂದು ನಾನು ವಾದಿಸುತ್ತಿಲ್ಲ. ಚಾವೋ-1 ಕೊಡುವುದು ಕೆಳಮಿತಿಯ ಅಂದಾಜು. ಇಷ್ಟು ಕಡಿಮೆ ಎಣಿಕೆಯಲ್ಲಿ ಅದರ ವಿಶ್ವಾಸಾಂತರವೂ ಅಗಲವಾಗಿರುತ್ತದೆ. ನಾನು ಹೇಳುವುದು ಇಷ್ಟೇ: ಕಾಫಿ ತೋಟ ಮುಂದಿದೆ ಎಂಬ ಮಾತಿಗೆ ಈ ದತ್ತಾಂಶದಲ್ಲಿ ಆಧಾರವಿಲ್ಲ. ಹಿಂಡಾಗಿ ಬರುವ ಹಕ್ಕಿಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಅಂದಾಜು ಕೆಡುತ್ತದೆ. ಅದರ ಬದಲು ಒಂದು ಪ್ರಭೇದ ಎಷ್ಟು ಎಣಿಕೆಗಳಲ್ಲಿ ಕಂಡಿತು ಅನ್ನುವುದನ್ನು ಬಳಸಿ. ಆರ್‌ನಲ್ಲಿ ಇದು ಒಂದು ಸಾಲಿನ ಕೆಲಸ:

```
iNEXT(x, q = c(0, 1, 2), datatype = "incidence_freq")
```

ಇಲ್ಲಿ `x`ನಲ್ಲಿ ಪ್ರತಿ ನೆಲೆಯ ಮೊದಲ ಸಂಖ್ಯೆ ಒಟ್ಟು ಎಣಿಕೆಗಳದ್ದಾಗಿರಬೇಕು. ಸಮಾನ ಎಣಿಕೆಯಲ್ಲಿ ಮಾತ್ರವಲ್ಲ, ಸಮಾನ ಸ್ಯಾಂಪಲ್ ಕವರೇಜ್‌ನಲ್ಲೂ ಹೋಲಿಸಿ, ವಕ್ರರೇಖೆಗಳನ್ನು ಮುಖ್ಯ ಪಠ್ಯದಲ್ಲೇ ಕೊಡಿ.

ಶ್ಯಾನನ್ ಸೂಚ್ಯಂಕದ ವಿಚಾರವೂ ಇದಕ್ಕೆ ಸೇರಿದ್ದು. ಕಾಡಿಗೆ 3.6, ಕಾಫಿಗೆ 3.7 ಎಂದು ಕೊಟ್ಟು, ವ್ಯತ್ಯಾಸ ಗಮನಾರ್ಹ ಎಂದಿದ್ದೀರಿ. ಇದನ್ನು ಪರಿಣಾಮಕಾರಿ ಪ್ರಭೇದ ಸಂಖ್ಯೆಗೆ ಬದಲಿಸಿದರೆ ಸುಮಾರು 37 ಮತ್ತು 40 ಆಗುತ್ತದೆ. ನೆಡುತೋಪಿನ 2.5 ಸುಮಾರು 12 ಆಗುತ್ತದೆ. ಹೀಗೆ ಹೇಳಿದರೆ ಓದುಗರಿಗೆ ಚಿತ್ರ ಥಟ್ಟನೆ ಕಾಣುತ್ತದೆ: ಕಾಡು ಮತ್ತು ಕಾಫಿ ಹತ್ತಿರ ಹತ್ತಿರ, ನೆಡುತೋಪು ಬಹಳ ದೂರ. ಈ ಮಾತನ್ನು ನಿಮ್ಮ ದತ್ತಾಂಶ ಬಹುಶಃ ಗಟ್ಟಿಯಾಗಿ ಹೊರುತ್ತದೆ. ಅದನ್ನೇ ಮುಂದೆ ತನ್ನಿ.

ಎರಡನೆಯದು, ಹಕ್ಕಿ ಕಣ್ಣಿಗೆ ಬೀಳುವ ಸಾಧ್ಯತೆ. ಕಾಫಿ ಗಿಡಗಳನ್ನು ಸವರಿರುತ್ತಾರೆ, ಕೆಳಹಂತ ತೆರೆದಿರುತ್ತದೆ, ದೂರದ ಹಕ್ಕಿಯೂ ಕಾಣುತ್ತದೆ. ದಟ್ಟ ಕಾಡಿನಲ್ಲಿ ಮೂವತ್ತು ಮೀಟರ್ ಆಚೆ ಕೂತ ಹಕ್ಕಿ ದನಿ ತೆಗೆಯದಿದ್ದರೆ ಅದು ಇಲ್ಲ ಎಂದೇ ಲೆಕ್ಕ. ನೀವು ದೂರದ ಮಿತಿ ಇಲ್ಲದೆ ಎಣಿಸಿದ್ದೀರಿ. ಸಂತೋಷದ ವಿಷಯವೆಂದರೆ 0–25, 25–50, 50 ಮೀಟರ್‌ಗಿಂತ ಆಚೆ ಎಂದು ಪಟ್ಟಿ ಮಾಡಿ ಬರೆದುಕೊಂಡಿದ್ದೀರಿ. ಆದರೆ ವಿಶ್ಲೇಷಣೆಯಲ್ಲಿ ಅದನ್ನು ಬಳಸಿಯೇ ಇಲ್ಲ! ದಯವಿಟ್ಟು ಬಳಸಿ. ಸಾಕಷ್ಟು ಸಲ ಕಂಡ ಪ್ರಭೇದಗಳಿಗೆ ಡಿಸ್ಟೆನ್ಸ್ ಸ್ಯಾಂಪ್ಲಿಂಗ್ ಮಾಡಬಹುದು. ಉಳಿದವಕ್ಕೆ 25 ಮೀಟರ್ ಒಳಗಿನ ದಾಖಲೆಗಳನ್ನಷ್ಟೇ ತೆಗೆದುಕೊಂಡು ಹೋಲಿಕೆಯನ್ನು ಇನ್ನೊಮ್ಮೆ ಮಾಡಿ, ಫಲಿತಾಂಶ ಬದಲಾಗುತ್ತದೆಯೇ ಎಂದು ತಿಳಿಸಿ. ನೋಡಿ ದಾಖಲಿಸಿದ್ದು ಎಷ್ಟು, ಕೇಳಿ ದಾಖಲಿಸಿದ್ದು ಎಷ್ಟು ಅನ್ನುವುದನ್ನೂ ನೆಲೆವಾರು ಕೊಡಿ.

ಕಾಲದ ವಿಚಾರ ಇದಕ್ಕಿಂತ ಕಷ್ಟದ್ದು. ಕೋಷ್ಟಕ 1ರ ಪ್ರಕಾರ ಕಾಫಿ ತೋಟದ ಆರು ಭೇಟಿಗಳಲ್ಲಿ ನಾಲ್ಕು ವಲಸೆ ಹಕ್ಕಿಗಳು ಬಂದು ತಂಗುವ ಕಾಲದಲ್ಲಿ ನಡೆದಿವೆ. ಕಾಡಿನಲ್ಲಿ ಎರಡು ಮಾತ್ರ. ವಲಸೆಗಾರರು ಕಾಫಿಯ ಪಟ್ಟಿಯಲ್ಲಿ ಜಾಸ್ತಿ ಇರುವುದು ನೆಲೆಯಿಂದಲೋ, ತಿಂಗಳಿಂದಲೋ ಎಂದು ಈಗ ಬೇರ್ಪಡಿಸಲಾಗದು. ಸ್ಥಳೀಯ ಹಕ್ಕಿಗಳನ್ನೂ ವಲಸೆ ಹಕ್ಕಿಗಳನ್ನೂ ಬೇರೆಬೇರೆ ವಿಶ್ಲೇಷಿಸಿ. ವಲಸೆಗಾರರ ಹೋಲಿಕೆಗೆ ಎರಡೂ ಕಡೆ ಆ ಕಾಲದ ಎರಡೆರಡು ಭೇಟಿಗಳನ್ನಷ್ಟೇ ಇಟ್ಟುಕೊಳ್ಳಿ. ದತ್ತಾಂಶ ಕಡಿಮೆಯಾಗುತ್ತದೆ ನಿಜ, ಆದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಇನ್ನು ಮರುಕಳಿಕೆ. ಕಾಡಿನ 16 ಬಿಂದುಗಳೂ ಒಂದೇ ತುಂಡು ಕಾಡಿನಲ್ಲಿವೆ. ನೆಡುತೋಪಿನ 14 ಕೂಡ ಒಂದೇ ತೋಪಿನಲ್ಲಿವೆ. ಕಾಫಿ ಮಾತ್ರ ಮೂರು ತೋಟಗಳಲ್ಲಿ ಹರಡಿದೆ. ಹರ್ಲ್‌ಬರ್ಟ್ 1984ರಲ್ಲಿ ಎಚ್ಚರಿಸಿದ ಹುಸಿ ಮರುಕಳಿಕೆ ಇದೇ. ಕಾಡು ಎಂಬ ಬಗೆಗೆ ನಿಮ್ಮಲ್ಲಿರುವುದು ಒಂದೇ ಮಾದರಿ. ಮಿಶ್ರ ಮಾದರಿಯಲ್ಲಿ ಸ್ಥಳವನ್ನು ಯಾದೃಚ್ಛಿಕ ಅಂಶವಾಗಿ ಸೇರಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಕಾಡಿನ ಸ್ಥಳ ಒಂದೇ. ಹೊಸದಾಗಿ ಎಣಿಸಿ ಬನ್ನಿ ಎಂದು ನಾನು ಕೇಳುತ್ತಿಲ್ಲ. ಬರವಣಿಗೆಯನ್ನು ತಿದ್ದಿದರೆ ಸಾಕು. "ಕಾಡುಗಳಲ್ಲಿ" ಎಂದಿರುವ ಕಡೆ "ನಾವು ಅಧ್ಯಯನ ಮಾಡಿದ ಕಾಡಿನಲ್ಲಿ" ಎಂದಾಗಬೇಕು. ಇದರ ಜೊತೆಗೆ ಬಿಂದುಗಳ ನಡುವಿನ ಅಂತರ 150 ಮೀಟರ್ ಮಾತ್ರ. ದೂರದ ಮಿತಿ ಇಲ್ಲದಿದ್ದಾಗ ಗಟ್ಟಿ ದನಿಯ ಒಂದೇ ಹಕ್ಕಿ ಎರಡು ಬಿಂದುಗಳಲ್ಲಿ ಲೆಕ್ಕಕ್ಕೆ ಸಿಗುತ್ತದೆ. 50 ಮೀಟರ್ ಮಿತಿ ಹಾಕಿದರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ.

ಸಂಖ್ಯೆಗಿಂತ ಮುಖ್ಯವಾದದ್ದು ಅಲ್ಲಿರುವ ಹಕ್ಕಿಗಳು ಯಾವುವು ಅನ್ನುವುದು. ಕಾಡು ಮತ್ತು ಕಾಫಿಗೆ ಸಾಮಾನ್ಯವಾದವು 58. ಕಾಡಿನ 26 ಪ್ರಭೇದಗಳು ಕಾಫಿಯಲ್ಲಿ ಇಲ್ಲ. ಕಾಫಿಯಲ್ಲಷ್ಟೇ ಕಂಡ 40ರಲ್ಲಿ 27 ಬಯಲು, ಹೊಲ, ಊರಿನ ಅಂಚಿನಲ್ಲೂ ಬದುಕಬಲ್ಲ ಹಕ್ಕಿಗಳು. ನೆಲದ ಹತ್ತಿರ ಹುಳ ಹೆಕ್ಕುವ ಪ್ರಭೇದಗಳು ಕಾಡಿನಲ್ಲಿ 19, ಕಾಫಿಯಲ್ಲಿ 7. ಇದು ನಿಮ್ಮ ಪೂರಕ ಕೋಷ್ಟಕ 4ರಲ್ಲಿ ಅಡಗಿ ಕೂತಿದೆ. ಚರ್ಚೆಯಲ್ಲಿ ಒಂದು ಮಾತೂ ಇಲ್ಲ. ಕಾಡಿನ ಒಳಗೇ ಬದುಕುವ ಹಕ್ಕಿ ಹೋಗಿ ಎಲ್ಲೆಡೆ ಸಿಗುವ ಹಕ್ಕಿ ಬಂದರೆ ಒಟ್ಟು ಸಂಖ್ಯೆ ಏರಬಹುದು, ಆದರೆ ಕಳೆದುಕೊಂಡದ್ದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ಬೀಟಾ ವೈವಿಧ್ಯವನ್ನು ಪ್ರಭೇದ ಬದಲಾವಣೆ ಮತ್ತು ಒಳಗೊಳ್ಳುವಿಕೆ ಎಂದು ಎರಡಾಗಿ ಬಿಡಿಸಿ ತೋರಿಸಿದರೆ ಈ ಕಥೆ ಸ್ಪಷ್ಟವಾಗುತ್ತದೆ. `adonis2` ಫಲಿತಾಂಶದ ಜೊತೆ `betadisper` ಕೂಡ ಕೊಡಿ. ಗುಂಪುಗಳ ಹರಡುವಿಕೆ ಬೇರೆಬೇರೆ ಇದ್ದಾಗ, ಅದರಲ್ಲೂ ಬಿಂದುಗಳ ಸಂಖ್ಯೆ ಹೀಗೆ ಅಸಮವಾಗಿದ್ದಾಗ, ಮೊದಲನೆಯದನ್ನು ಮಾತ್ರ ನಂಬಲಾಗದು.

"ಪರ್ಯಾಯ" ಎಂಬ ಮಾತನ್ನು ಸಾರಾಂಶದಿಂದಲೂ ತೀರ್ಮಾನದಿಂದಲೂ ತೆಗೆಯಲೇಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಕಾಡು ಕಡಿಯುವ ನಿರ್ಧಾರ ಮಾಡುವವರು ಇಡೀ ಲೇಖನ ಓದುವುದಿಲ್ಲ, ಸಾರಾಂಶದ ಕೊನೆಯ ಸಾಲು ಓದುತ್ತಾರೆ. ನಿಮ್ಮ ಉದ್ದೇಶ ಅದಲ್ಲ ಎಂದು ಲೇಖನದ ಉಳಿದ ಭಾಗ ಓದಿದರೆ ಗೊತ್ತಾಗುತ್ತದೆ.

ಈ ಹಸ್ತಪ್ರತಿಯ ನಿಜವಾದ ಜೀವ ಇರುವುದು ಚಿತ್ರ 5ರಲ್ಲಿ. ಕಾಫಿ ತೋಟದೊಳಗೆ, ಆಲ-ಅತ್ತಿ ಕುಲದ ದೊಡ್ಡ ಮರಗಳು ಜಾಸ್ತಿ ಇದ್ದ ಬಿಂದುಗಳಲ್ಲಿ ಹಣ್ಣು ತಿನ್ನುವ ಹಕ್ಕಿಗಳ ಪ್ರಭೇದಗಳೂ ಜಾಸ್ತಿ. ಸಿಲ್ವರ್ ಓಕ್ ಒಂದೇ ನೆರಳಾಗಿರುವ ಕಡೆ ಕಡಿಮೆ. ಈ ಹೋಲಿಕೆ ಒಂದೇ ಬಗೆಯ ನೆಲೆಯೊಳಗೆ, 30 ಬಿಂದುಗಳಲ್ಲಿ, ಸಮಾನ ಭೇಟಿಗಳಲ್ಲಿ ನಡೆದದ್ದು. ನಾನು ಮೇಲೆ ಹೇಳಿದ ಹೆಚ್ಚಿನ ಆಕ್ಷೇಪಗಳು ಇದಕ್ಕೆ ತಗಲುವುದಿಲ್ಲ. ತೋಟದವರು ಯಾವ ಮರ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸಲು ಇದು ನೇರವಾಗಿ ನೆರವಾಗುತ್ತದೆ. ಇದನ್ನು ಲೇಖನದ ಕೇಂದ್ರಕ್ಕೆ ತನ್ನಿ ಎಂಬುದು ನನ್ನ ಮನಃಪೂರ್ವಕ ಸಲಹೆ. ಗಟ್ಟಿ ಮಾಡಲು ನಾಲ್ಕು ಕೆಲಸ ಬೇಕು. ಎಣಿಕೆಯ ದಿನ ಮರದಲ್ಲಿ ಹಣ್ಣಿತ್ತೇ ಎಂಬ ಟಿಪ್ಪಣಿ ಇದ್ದರೆ ಸೇರಿಸಿ, ಏಕೆಂದರೆ ಹಣ್ಣಿಲ್ಲದ ಮರ ಹಕ್ಕಿಗೆ ಬೇರೆಯೇ ಮರ. ಈ ಮರಗಳ ಸಂಖ್ಯೆಗೂ ಎಲೆಚಾವಣಿಯ ದಟ್ಟಣೆಗೂ ನಂಟು ಎಷ್ಟಿದೆ ಎಂದು ಪರೀಕ್ಷಿಸಿ. ಪಾಯ್ಸಾನ್ ಮಾದರಿಯಲ್ಲಿ ಅತಿ ಚದುರುವಿಕೆ ಇದೆಯೇ ನೋಡಿ. ತೋಟಗಳು ಮೂರೇ ಇರುವುದರಿಂದ ತೋಟವನ್ನು ಸ್ಥಿರ ಅಂಶವಾಗಿ ಇಡುವುದು ಮೇಲು.

ಸಾಲುವಾರು ಕೆಲವು ಮಾತುಗಳು.

ಸಾಲು 112: "ಬೆಳಿಗ್ಗೆ 6ರಿಂದ 10" ಬದಲು ಸೂರ್ಯೋದಯದಿಂದ ಎಷ್ಟು ಹೊತ್ತು ಎಂದು ಬರೆಯಿರಿ. ಕಾಡಿನ ಬಿಂದುಗಳು ರಸ್ತೆಯಿಂದ ದೂರ ಇವೆ, ಅಲ್ಲಿಗೆ ತಲುಪುವುದು ತಡವಾಗುತ್ತಿತ್ತೇ? ಹಾಗಿದ್ದರೆ ಹೊತ್ತನ್ನೂ ಮಾದರಿಗೆ ಸೇರಿಸಬೇಕು.

ಸಾಲು 131: ಕಾಫಿಯಲ್ಲಿ ಫಿಲೊಸ್ಕೋಪಸ್ ಗುಂಪಿನ ಉಲಿಯಕ್ಕಿಗಳನ್ನು ಮೂರು ಪ್ರಭೇದಗಳಾಗಿ ಬಿಡಿಸಿದ್ದೀರಿ, ಕಾಡಿನಲ್ಲಿ ಒಂದೇ ಹೆಸರಿನಡಿ ಸೇರಿಸಿದ್ದೀರಿ. ಇವುಗಳನ್ನು ಗುರುತಿಸುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ಆದರೆ ಎರಡೂ ಕಡೆ ಒಂದೇ ನಿಯಮ ಇರಲಿ.

ಸಾಲು 158: ತೋಟದ ಮೇಲೆ ಹಾರಿಹೋದ ಕವಲುತೋಕೆಗಳ ಒಂದೇ ಹಿಂಡಿನಲ್ಲಿ 312 ಹಕ್ಕಿಗಳನ್ನು ಸೇರಿಸಿದ್ದೀರಿ. ನೆಲೆಯನ್ನು ಬಳಸದೆ ಮೇಲೆ ಹಾದುಹೋದವನ್ನು ಬಿಟ್ಟುಬಿಡಿ. ಇದರಿಂದ ಕಾಫಿಯ ಶ್ಯಾನನ್ ಮೌಲ್ಯ ಏರಬಹುದು, ಅಂದರೆ ಫಲಿತಾಂಶ ನಿಮ್ಮ ಮೂಲ ವಾದದ ಕಡೆಗೇ ವಾಲಬಹುದು. ಹಾಗಾದರೂ ಬಿಡುವುದೇ ಸರಿ.

ಸಾಲು 203: ಎಣಿಸಿದವರು ಇಬ್ಬರು. ಯಾರು ಯಾವ ನೆಲೆಯಲ್ಲಿ ಎಷ್ಟು ಸಲ ಎಣಿಸಿದರು ಎಂದು ತಿಳಿಸಿ.

ಚಿತ್ರ 3: ಎನ್‌ಎಂಡಿಎಸ್ ಸ್ಟ್ರೆಸ್ ಮೌಲ್ಯ ಕೊಟ್ಟಿಲ್ಲ. ಹಸಿರು-ಕೆಂಪು ಬಣ್ಣ ಗುರುತಿಸಲಾಗದವರಿಗೆ ಈ ಚಿತ್ರ ಓದಲಾಗದು, ಚುಕ್ಕಿಗಳ ಆಕಾರವನ್ನೂ ಬದಲಿಸಿ.

ಅಪಾಯದಂಚಿನ ಪ್ರಭೇದಗಳ ಗೂಡಿನ ನಿಖರ ಅಕ್ಷಾಂಶ-ರೇಖಾಂಶಗಳು ಕಚ್ಚಾ ದತ್ತಾಂಶದಲ್ಲಿ ಹಾಗೇ ಉಳಿದಿವೆ. ಪ್ರಕಟಣೆಗೆ ಮೊದಲು ಅವನ್ನು ಮಸುಕು ಮಾಡಿ. ಈ ಕೆಲಸ ತಿದ್ದುಪಡಿಗೆ ಕಾಯಬೇಕಿಲ್ಲ, ಹಂಚಿಕೊಂಡಿರುವ ಕಡತದಲ್ಲಿ ಈಗಲೇ ಆಗಲಿ.

ತಿದ್ದಿದ ಪ್ರತಿಯನ್ನು ಓದಲು ನಾನು ಸಿದ್ಧ.

ವಿಮರ್ಶಕರು 2