ಭಾಷಣಕಾರರ ಪರಿಚಯ: ವಸುಧಾ, ಪ್ರೇರಣಾ ತರಬೇತುದಾರರು

ಪೋಸ್ಟರ್ ಮತ್ತು ನೋಂದಣಿ ಪುಟಕ್ಕೆ

ವಸುಧಾ: ನಾಳೆ ನಾಳೆ ಎಂದು ಮುಂದೂಡಿದ ಕೆಲಸಕ್ಕೆ ದಿನ, ಹೊತ್ತು, ಜಾಗ ಗೊತ್ತುಮಾಡಿಸುವ ತರಬೇತುದಾರರು.

ವೆಬಿನಾರ್ ಪುಟಕ್ಕೆ

ವಸುಧಾ ಅವರು ಪ್ರೇರಣೆ, ಅಭ್ಯಾಸ ಮತ್ತು ತಂಡದ ಹುರುಪಿನ ಬಗ್ಗೆ ಕನ್ನಡದಲ್ಲಿ ಕಾರ್ಯಾಗಾರ ನಡೆಸುತ್ತಾರೆ. ತರಬೇತಿ ಕ್ಷೇತ್ರಕ್ಕೆ ಬರುವ ಮೊದಲು ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ಫೋನ್ ಎತ್ತಿದರು, ಆಮೇಲೆ ಅಲ್ಲೇ ತಂಡ ನಡೆಸಿದರು. ಮನೋವಿಜ್ಞಾನದ ಸಂಶೋಧನೆಗಳನ್ನು ಕೆಲಸದ ಜಾಗಕ್ಕೆ ಒಗ್ಗುವಂತೆ ಹೇಳುವುದು ಅವರ ವಿಶೇಷ. ಅವರ ಕಾರ್ಯಕ್ರಮದಲ್ಲಿ ಘೋಷಣೆ ಕೂಗಿಸುವುದಿಲ್ಲ, ಯಾರನ್ನೂ ಬಲವಂತವಾಗಿ ವೇದಿಕೆಗೆ ಕರೆಯುವುದಿಲ್ಲ. ಪೆನ್ನು ಹಾಳೆ ಮಾತ್ರ ಎಲ್ಲರ ಕೈಯಲ್ಲೂ ಇರಬೇಕು.

ಪೂರ್ಣ ಪರಿಚಯ

ಪ್ರೇರಣಾ ಭಾಷಣ ಎಂದರೆ ಸಭಾಂಗಣದಲ್ಲಿ ಚಪ್ಪಾಳೆ, ಮನೆ ತಲುಪುವ ಹೊತ್ತಿಗೆ ಎಲ್ಲ ಖಾಲಿ ಎಂಬ ದೂರು ಹಳೆಯದು. ಆ ದೂರಿನಲ್ಲಿ ಹುರುಳಿದೆ ಎಂದು ವಸುಧಾ ಅವರೇ ಮೊದಲು ಒಪ್ಪುತ್ತಾರೆ. ಅವರ ಇಡೀ ಕಾರ್ಯಕ್ರಮ ಹುಟ್ಟಿದ್ದೇ ಅದಕ್ಕೆ ಉತ್ತರವಾಗಿ.

ಸೇವಾ ಕೇಂದ್ರದ ದಿನಗಳಲ್ಲಿ ಅವರು ಎರಡು ಬಗೆಯ ಜನರನ್ನು ಹತ್ತಿರದಿಂದ ಕಂಡರು. ತಿಂಗಳ ಬಹುಮಾನ ಘೋಷಣೆಯಾದಾಗ ಜಿಗಿದೆದ್ದು ಕೆಲಸ ಮಾಡಿ, ಅದು ನಿಂತ ಮರುದಿನವೇ ಮೆತ್ತಗಾಗುವವರು ಒಂದು ಕಡೆ. ಬಹುಮಾನ ಇರಲಿ ಬಿಡಲಿ, ಕರೆ ಮಾಡಿದವರ ತೊಂದರೆ ಬಗೆಹರಿಯುವ ತನಕ ಫೋನ್ ಇಡದವರು ಇನ್ನೊಂದು ಕಡೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಾ ಅವರು ಮನೋವಿಜ್ಞಾನದ ಓದಿಗಿಳಿದರು. 1971ರಲ್ಲಿ ಎಡ್ವರ್ಡ್ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದೇ ಒಗಟಿನತ್ತ ಮೊದಲಿನಷ್ಟು ಒಲವು ತೋರಲಿಲ್ಲ. ಡೆಸಿ ಮುಂದೆ ರಿಚರ್ಡ್ ರಯಾನ್ ಜೊತೆ ಬೆಳೆಸಿದ ಸಿದ್ಧಾಂತ ಮೂರು ಅಗತ್ಯಗಳನ್ನು ಗುರುತಿಸುತ್ತದೆ: ನನ್ನ ಕೆಲಸದಲ್ಲಿ ನನಗೂ ಒಂದು ಆಯ್ಕೆ ಇರಬೇಕು, ಇದು ನನ್ನ ಕೈಲಾಗುತ್ತದೆ ಅನ್ನಿಸಬೇಕು, ಜೊತೆಯವರು ನನ್ನವರು ಅನ್ನಿಸಬೇಕು. ವಸುಧಾ ಅವರ ತಂಡ ನಾಯಕರ ಕಾರ್ಯಾಗಾರ ನಿಂತಿರುವುದು ಈ ಮೂರರ ಮೇಲೆ. ‘ನಮ್ಮ ಹುಡುಗರಿಗೆ ಹುರುಪೇ ಇಲ್ಲ’ ಎಂದು ಬರುವ ಮ್ಯಾನೇಜರ್‌ಗಳಿಗೆ ಅವರು ಕೇಳುವ ಮೊದಲ ಪ್ರಶ್ನೆ: ಕಳೆದ ವಾರ ನಿಮ್ಮ ತಂಡದವರು ಯಾರನ್ನೂ ಕೇಳದೆ ತಾವೇ ತೀರ್ಮಾನಿಸಿದ ಒಂದು ವಿಷಯ ಹೇಳಿ. ಹಲವರಿಗೆ ಉತ್ತರ ಥಟ್ಟನೆ ಹೊಳೆಯುವುದಿಲ್ಲ. ಅಲ್ಲಿಂದಲೇ ಮಾತು ಶುರುವಾಗುತ್ತದೆ.

ವೈಯಕ್ತಿಕ ಗುರಿಗಳ ಕಾರ್ಯಾಗಾರದ ಜೀವಾಳ ಒಂದು ಹಾಳೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನದಲ್ಲಿ ವಿವರಿಸಿದ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಯೋಜನಾ ವಿಧಾನವನ್ನು ಅವರು ಇಲ್ಲಿ ಬಳಸುತ್ತಾರೆ. ಭಾಗವಹಿಸಿದವರು ಮೊದಲು ತಮ್ಮ ಸಂಕಲ್ಪ ಬರೆಯುತ್ತಾರೆ. ‘ಇನ್ನು ಮುಂದೆ ಮೇಲ್‌ಗಳಿಗೆ ಬೇಗ ಉತ್ತರಿಸುತ್ತೇನೆ’ ಎಂಬಂಥ ಸಾಲು ಪ್ರತಿ ಬಾರಿಯೂ ಸಿಕ್ಕೇ ಸಿಗುತ್ತದೆ. ವಸುಧಾ ಅದರ ‘ಇನ್ನು ಮುಂದೆ’ಯನ್ನು ಹೊಡೆದುಹಾಕಿಸುತ್ತಾರೆ, ‘ಬೇಗ’ವನ್ನೂ ಬಿಡುವುದಿಲ್ಲ. ಎಷ್ಟು ಹೊತ್ತಿಗೆ? ಎಲ್ಲಿ ಕೂತು? ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ? ಮೂರ್ನಾಲ್ಕು ಸಲ ತಿದ್ದಿದ ಮೇಲೆ ಸಾಲು ಹೀಗಾಗುತ್ತದೆ: ‘ಊಟ ಮುಗಿಸಿ ಸೀಟಿಗೆ ಬಂದ ಕೂಡಲೇ, ಬೇರೇನೂ ತೆರೆಯುವ ಮೊದಲು, ಬೆಳಗ್ಗೆಯಿಂದ ಬಾಕಿ ಇರುವ ಒಂದು ಮೇಲ್‌ಗೆ ಉತ್ತರ ಬರೆಯುತ್ತೇನೆ.’ ಓದಲು ಸಪ್ಪೆ, ಪೋಸ್ಟರ್‌ಗಂತೂ ಆಗಿಬರುವುದಿಲ್ಲ. ಆದರೆ ಮಾಡಿದೆನೋ ಇಲ್ಲವೋ ಎಂದು ಸಂಜೆ ತನ್ನನ್ನೇ ಕೇಳಿಕೊಳ್ಳಬಹುದಾದ ಸಾಲು ಇದು.

‘21 ದಿನದಲ್ಲಿ ಹೊಸ ಅಭ್ಯಾಸ’ ಎಂಬ ಶೀರ್ಷಿಕೆಯನ್ನು ಅವರು ಒಪ್ಪಿಕೊಳ್ಳುವುದಿಲ್ಲ, ಆಯೋಜಕರು ಎಷ್ಟೇ ಪ್ರೀತಿಯಿಂದ ಕೇಳಿದರೂ. ಆ ಅಂಕಿಯ ಜಾಡು ಹಿಡಿದರೆ ಸಿಗುವುದು, ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕೆಂದು 1960ರಲ್ಲಿ ಬರೆದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರ ಗಮನಿಕೆ. ಆ ‘ಕನಿಷ್ಠ’ ದಾರಿಯಲ್ಲೆಲ್ಲೋ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ನಡೆಸಿ, 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಹೊಸ ಅಭ್ಯಾಸ ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು; ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳ ತನಕ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟುಹೋಗುವುದಿಲ್ಲ ಎಂಬುದೂ ಅದರಲ್ಲೇ ಕಂಡಿತು. ಅರ್ಧಕ್ಕೇ ಕೈಬಿಟ್ಟು ತಮ್ಮನ್ನೇ ಬೈದುಕೊಳ್ಳುವವರಿಗೆ ಈ ಎರಡನೇ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ವಸುಧಾ ಅವರ ಅನುಭವ.

ಕಾರ್ಯಕ್ರಮ ಚೆನ್ನಾಗಿತ್ತೇ ಎಂಬ ಫಾರ್ಮ್ ತುಂಬಿಸಿಕೊಂಡು ಅವರು ಸುಮ್ಮನಾಗುವುದಿಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಹಂತ ಹೇಳಿದ್ದರು: ಮೆಚ್ಚುಗೆ, ಕಲಿಕೆ, ನಡವಳಿಕೆ, ಫಲ. ಆ ಫಾರ್ಮ್ ಮೊದಲ ಹಂತವನ್ನಷ್ಟೇ ಮುಟ್ಟುತ್ತದೆ. ಹಾಗಾಗಿ ಕಾರ್ಯಾಗಾರದ ಶುಲ್ಕದಲ್ಲೇ, ಆರು ವಾರಗಳ ನಂತರದ ಅರ್ಧ ಗಂಟೆಯ ಆನ್‌ಲೈನ್ ಭೇಟಿಯೂ ಸೇರಿರುತ್ತದೆ. ಹಾಳೆಯ ಸಾಲು ಏನಾಯಿತು ಎಂದು ಆಗ ಮತ್ತೆ ನೋಡುತ್ತಾರೆ. ಸಾಲು ಕೆಲಸ ಮಾಡದಿದ್ದರೆ ತಿದ್ದುವುದು ಸಾಲನ್ನೇ, ಬರೆದವರನ್ನಲ್ಲ.

ಯಾವ ಕಾರ್ಯಕ್ರಮಗಳಿಗೆ

ಸಂಸ್ಥೆಗಳ ವಾರ್ಷಿಕ ಸಭೆ, ಶಿಕ್ಷಕರ ಮತ್ತು ಆಸ್ಪತ್ರೆ ಸಿಬ್ಬಂದಿಯ ತರಬೇತಿ, ಕಾಲೇಜು ವಿದ್ಯಾರ್ಥಿಗಳ ಶಿಬಿರ, ಸಾರ್ವಜನಿಕ ವೆಬಿನಾರ್. ಭಾಷಣ 45 ನಿಮಿಷ, ವೆಬಿನಾರ್ 60 ನಿಮಿಷ, ಕಾರ್ಯಾಗಾರ ಅರ್ಧ ದಿನ. ಭಾಷಣಕ್ಕೆ ಎಷ್ಟು ಜನರಿದ್ದರೂ ಸರಿ, ಕಾರ್ಯಾಗಾರಕ್ಕೆ 40 ಜನ ಮೀರದಿರಲಿ; ಎಲ್ಲರ ಹಾಳೆಯನ್ನೂ ಅವರು ಖುದ್ದಾಗಿ ನೋಡುತ್ತಾರೆ. ತೀವ್ರ ಖಿನ್ನತೆ ಅಥವಾ ಆತಂಕ ಇರುವವರಿಗೆ ಈ ಕಾರ್ಯಕ್ರಮ ಚಿಕಿತ್ಸೆಯ ಬದಲಿಯಲ್ಲ. ಪ್ರಚಾರ ಸಾಮಗ್ರಿಯಲ್ಲಿ ಹಾಗೆ ಅರ್ಥ ಬರುವ ಮಾತು ಬಳಸಬೇಡಿ.

ವೇದಿಕೆಯಲ್ಲಿ ನಿರೂಪಕರು ಓದಲು

‘ನಮ್ಮ ಮುಂದಿನ ಅತಿಥಿ ಒಂದು ಕಾಲದಲ್ಲಿ ದಿನವಿಡೀ ಬೇರೆಯವರ ದೂರು ಕೇಳುತ್ತಿದ್ದವರು. ಕೇಳುವುದನ್ನು ಈಗಲೂ ಬಿಟ್ಟಿಲ್ಲ. ಇವತ್ತು ಅವರು ನಿಮ್ಮ ಕೈಯಿಂದ ಒಂದೇ ಒಂದು ಸಾಲು ಬರೆಸಲಿದ್ದಾರೆ, ಪೆನ್ನು ಸಿದ್ಧವಿರಲಿ. ಪ್ರೇರಣಾ ತರಬೇತುದಾರರಾದ ವಸುಧಾ ಅವರನ್ನು ವೇದಿಕೆಗೆ ಬರಮಾಡಿಕೊಳ್ಳೋಣ.’

ದಯವಿಟ್ಟು ಇಷ್ಟನ್ನೇ ಓದಿ. ‘ಖ್ಯಾತ’, ‘ಜೀವನವನ್ನೇ ಬದಲಿಸುವ’ ಎಂಬ ವಿಶೇಷಣಗಳನ್ನು ಸೇರಿಸುವುದು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ.

ಆಯೋಜಕರ ಗಮನಕ್ಕೆ

ಸಭಾಂಗಣದಲ್ಲಿ ಕಾಲರ್ ಮೈಕ್ ಬೇಕು, ಅವರು ಒಂದೇ ಕಡೆ ನಿಲ್ಲುವವರಲ್ಲ. ದೀಪ ಆರಿಸಬೇಡಿ, ಜನ ಬರೆಯಬೇಕಾಗುತ್ತದೆ. ಊಟದ ನಂತರದ ಮೊದಲ ಅವಧಿ ಕೊಟ್ಟರೂ ಬೇಸರವಿಲ್ಲ. ಆದರೆ ಸನ್ಮಾನ, ಹಾರ, ನೆನಪಿನ ಕಾಣಿಕೆಗಳನ್ನು ಅವಧಿಯ ಕೊನೆಗೆ ಇಟ್ಟುಕೊಳ್ಳಿ, ಅವರ ಸಮಯದಿಂದ ಕಳೆಯಬೇಡಿ. ವೆಬಿನಾರ್‌ನಲ್ಲಿ ಚಾಟ್ ತೆರೆದಿರಲಿ, ಅದನ್ನು ನೋಡಿಕೊಳ್ಳಲು ನಿಮ್ಮ ಕಡೆಯಿಂದ ಒಬ್ಬರಿರಲಿ. ಭಾಷಣದ ಭಾಗವನ್ನು ರೆಕಾರ್ಡ್ ಮಾಡಬಹುದು, ಹಾಳೆ ಓದುವ ಭಾಗವನ್ನು ಮಾಡುವಂತಿಲ್ಲ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಭಾಗವಹಿಸುವವರಲ್ಲಿ ಇಬ್ಬರೊಂದಿಗೆ ಅವರು ಫೋನಿನಲ್ಲಿ ಮಾತಾಡುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಇಂಥ ಕಾರ್ಯಕ್ರಮಗಳೆಂದರೆ ಮೂಗು ಮುರಿಯುವವರಾಗಿದ್ದರೆ ಒಳ್ಳೆಯದು.